ಒಂದೂವರೆ ಗಂಟೆಯ ಗೋಷ್ಠಿ, ನಾಲ್ವರ ನಾಲ್ಕು ಸಾಲು

ಓದುಗರ ಪ್ರಶ್ನೆ: ನಾನು ಸಿಂಧನೂರಿನಲ್ಲಿ ಒಂದು ರೈತ ಉತ್ಪಾದಕರ ಕಂಪನಿಯಲ್ಲಿ ಕೆಲಸ ಮಾಡ್ತೀನಿ. ರಾಯಚೂರಿನ ಒಂದು ಸಮ್ಮೇಳನದಲ್ಲಿ ತುಂಗಭದ್ರಾ ಎಡದಂಡೆ ಭಾಗದ ನೀರು, ಮಣ್ಣಿನ ಬಗ್ಗೆ ಗೋಷ್ಠಿ ಇತ್ತು. ನಿವೃತ್ತ ಇಂಜಿನಿಯರ್, ಮಣ್ಣು ವಿಜ್ಞಾನಿ, ಮಾನ್ವಿ ಕಡೆಯ ರೈತ ಮಹಿಳೆ, ರೈಸ್ ಮಿಲ್ ಮಾಲೀಕರು ಮಾತಾಡಿದರು. ಒಬ್ಬೊಬ್ಬರದ್ದು ಒಂದೊಂದು ಸಾಲು ತಿರುಳು ಬರೆದು ಸದಸ್ಯರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ವಿಜ್ಞಾನಿಯವರು ಫೋನ್ ಮಾಡಿ ‘ನಾನು ಹಾಗೆ ಹೇಳಿಯೇ ಇಲ್ಲ’ ಅಂದರು. ಆದರೆ ರೆಕಾರ್ಡಿಂಗ್‌ನಲ್ಲಿ ಅವರ ಬಾಯಿಂದಲೇ ಬಂದಿದೆ! ಮಿಲ್‌ನವರು ಹೊಸದೇನೂ ಹೇಳಲೇ ಇಲ್ಲ, ಅವರಿಗೆ ಏನು ಬರೆಯೋದು? ಅವರವರ ಸಾಲು ಅವರಿಂದಲೇ ಬರೆಸಿಕೊಂಡಿದ್ದರೆ ಒಳ್ಳೇದಿತ್ತಾ? ವಿಡಿಯೊ, ನಾನು ಬರೆದ ಸಾಲು ಎರಡೂ ಕಳಿಸಿದ್ದೇನೆ.

ಉತ್ತರ: ವಿಡಿಯೊ ಪೂರ್ತಿ ಕೇಳಿದೆ. ವಿಜ್ಞಾನಿಯವರು ಹೇಳುವುದೂ ಸರಿ, ನೀವು ಹೇಳುವುದೂ ಸರಿ. ನಿಮ್ಮ ಸಾಲು ಹೀಗಿದೆ: ‘ಸವಳು ಭೂಮಿ ಸುಧಾರಿಸಲು ರೈತರು ಜಿಪ್ಸಂ ಹಾಕಬೇಕು’. 22ನೇ ನಿಮಿಷದಲ್ಲಿ ಅವರು ಆಡಿದ ಮಾತು ಇದು: “ಸವಳಿಗೆ ಜಿಪ್ಸಂ ಹಾಕಬೇಕು ಅಂತ ಎಲ್ಲರೂ ಹೇಳ್ತಾರೆ. ಹಾಕಿ, ಬೇಡ ಅನ್ನಲ್ಲ.” ಅಲ್ಲಿಗೆ ನಿರೂಪಕರು ಮಾತು ತಡೆದು ಬೇರೆಯವರಿಗೆ ಮೈಕ್ ಕೊಟ್ಟರು. ಮತ್ತೆ ಅವರ ಸರದಿ ಬಂದಿದ್ದು 58ನೇ ನಿಮಿಷಕ್ಕೆ. ಸಭಿಕರೊಬ್ಬರು ಕೆಣಕಿದಾಗ ಅವರು ಆ ಮಾತನ್ನು ಮುಗಿಸಿದರು: “ಮಣ್ಣು ಪರೀಕ್ಷೆ ಮಾಡಿಸದೆ ಜಿಪ್ಸಂ ಸುರಿದರೆ ದುಡ್ಡು ದಂಡ. ನೀರು ಹೊರಗೆ ಹೋಗೋಕೆ ದಾರಿನೇ ಇಲ್ಲ ಅಂದ್ರೆ ಜಿಪ್ಸಂ ಏನು ಮಾಡುತ್ತೆ?”

ಒಂದೇ ಮಾತಿನ ಎರಡು ತುಂಡು 36 ನಿಮಿಷದ ಅಂತರದಲ್ಲಿ ಬಿದ್ದಿವೆ. ನಿಮಗೆ ಸಿಕ್ಕಿದ್ದು ಮೊದಲ ತುಂಡು ಮಾತ್ರ. ಅದರಲ್ಲೂ ‘ಎಲ್ಲರೂ ಹೇಳ್ತಾರೆ’ ಎಂದು ಅವರು ಬೇರೆಯವರ ಮಾತನ್ನು ಎತ್ತಿ ಆಡಿದ್ದರು. ಅದು ನಿಮ್ಮ ಸಾಲಿನಲ್ಲಿ ಅವರದೇ ಸಲಹೆಯಾಗಿ ಕೂತಿತು.

ಈ ತಪ್ಪು ಸಣ್ಣದಲ್ಲ ಯಾಕೆ ಅಂದರೆ, ನಿಮ್ಮ ಗುಂಪಿನಲ್ಲಿರುವವರು ಅದನ್ನು ಓದಿ ನಾಳೆ ಗೊಬ್ಬರದಂಗಡಿಗೆ ಹೋಗುವ ಜನ. ನಾವು ಸವಳು ಅಂತ ಒಂದೇ ಹೆಸರಿನಲ್ಲಿ ಕರೆಯುವ ನೆಲದಲ್ಲಿ ಎರಡು ಬಗೆ ಇವೆ. ಒಂದರಲ್ಲಿ ನೀರಲ್ಲಿ ಕರಗುವ ಲವಣ ಜಾಸ್ತಿ. ಒಣಗಿದಾಗ ಮೇಲೆ ಬೆಳ್ಳಗೆ ಪುಡಿ ಕಾಣುತ್ತದೆ. ಇದಕ್ಕೆ ಮದ್ದು ಒಳ್ಳೆ ನೀರು ನಿಲ್ಲಿಸಿ ಲವಣವನ್ನು ಕೆಳಗೆ ಇಳಿಸಿ, ಬಸಿಗಾಲುವೆಯಲ್ಲೋ ನೆಲದೊಳಗಿನ ಕೊಳವೆಯಲ್ಲೋ ಹೊರಗೆ ಕಳಿಸುವುದು. ಇನ್ನೊಂದರಲ್ಲಿ ಸೋಡಿಯಂ ಮಣ್ಣಿನ ಕಣಕ್ಕೇ ಅಂಟಿಕೊಂಡಿರುತ್ತದೆ. ರಸಸಾರ ಸಾಮಾನ್ಯವಾಗಿ 8.5 ದಾಟಿರುತ್ತದೆ, ನೀರು ಇಂಗುವುದೇ ಇಲ್ಲ. ಜಿಪ್ಸಂ ಬೇಕಾಗುವುದು ಇದಕ್ಕೆ. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ಸೋಡಿಯಂ ಅನ್ನು ಕಣದಿಂದ ಬಿಡಿಸುತ್ತದೆ. ಬಿಡಿಸಿದ ಸೋಡಿಯಂ ಕೂಡ ನೀರಿನ ಜೊತೆ ಹೊರಗೆ ಹೋಗಲೇಬೇಕು. ಅಂದರೆ ಎರಡರಲ್ಲೂ ಬಸಿಯುವ ದಾರಿ ಬೇಕು. ನಿಮ್ಮ ಸಾಲಿನಲ್ಲಿ ಬಿಟ್ಟುಹೋಗಿದ್ದು ಅದೇ.

ಆದ್ದರಿಂದ ಮಿಕ್ಕಿದ್ದು ಓದುವ ಮುಂಚೆ ಒಂದು ಕೆಲಸ ಮಾಡಿ. ಅದೇ ಗುಂಪಿಗೆ ಇವತ್ತೇ ತಿದ್ದುಪಡಿ ಹಾಕಿ. ಹಳೆಯ ಸಂದೇಶ ಅಳಿಸಿದರೆ ಸಾಲದು. ಎಷ್ಟು ಜನ ಅದನ್ನು ಮುಂದಕ್ಕೆ ಕಳಿಸಿದ್ದಾರೋ ಯಾರಿಗೆ ಗೊತ್ತು? ‘ಜಿಪ್ಸಂ ಬಗ್ಗೆ ಮೊದಲು ಹಾಕಿದ ಸಾಲು ಅರ್ಧ ಮಾತ್ರ ಇತ್ತು. ವಿಜ್ಞಾನಿಯವರು ಹೇಳಿದ್ದು: ಮೊದಲು ಮಣ್ಣು ಪರೀಕ್ಷೆ, ನೀರು ಬಸಿದು ಹೋಗಲು ದಾರಿ, ಆಮೇಲೆ ಬೇಕಿದ್ದರೆ ಜಿಪ್ಸಂ’ ಎಂದು ನೇರವಾಗಿ ಬರೆಯಿರಿ. ‘ತಪ್ಪು ತಿಳಿವಳಿಕೆಯಿಂದಾಗಿ’, ‘ಕಾರಣಾಂತರಗಳಿಂದ’ ಅಂತೆಲ್ಲ ಶುರು ಮಾಡಿದರೆ ಓದುವವರು ಜಿಪ್ಸಂ ಅನ್ನುವ ಪದಕ್ಕೆ ಬರುವ ಮೊದಲೇ ಮುಂದಿನ ಸಂದೇಶಕ್ಕೆ ಹೋಗಿರುತ್ತಾರೆ.

ಮೊದಲ ಭಾಷಣದಲ್ಲಿ ತಿರುಳು ಇರುವುದಿಲ್ಲ

ನಿಮ್ಮ ನಾಲ್ಕೂ ಸಾಲು ಮೊದಲ 35 ನಿಮಿಷದಿಂದಲೇ ಬಂದಿವೆ. ಇದು ನಿಮ್ಮೊಬ್ಬರ ಅಭ್ಯಾಸ ಅಲ್ಲ. ಗೋಷ್ಠಿಗಳ ವರದಿ ಬರೆಯುವ ಬಹಳ ಜನ ಹೀಗೇ ಮಾಡುತ್ತಾರೆ. ಪ್ರತಿಯೊಬ್ಬರೂ ಶುರುವಿನಲ್ಲಿ ಐದಾರು ನಿಮಿಷ ಮಾತಾಡುತ್ತಾರಲ್ಲ, ತಿರುಳು ಅಲ್ಲೇ ಇದೆ, ಮಿಕ್ಕಿದ್ದು ಬರೀ ಚರ್ಚೆ ಅಂದುಕೊಳ್ಳುತ್ತೇವೆ. ನಾನು ನೋಡಿದ ಮಟ್ಟಿಗೆ ಬಹಳ ಸಲ ಇದು ತಲೆಕೆಳಗು. ಶುರುವಿನ ಮಾತು ಮನೆಯಿಂದ ತಯಾರಿಸಿಕೊಂಡು ಬಂದದ್ದು. ಅದನ್ನೇ ಬೇರೆ ಊರಿನ ಬೇರೆ ವೇದಿಕೆಯಲ್ಲೂ ಹೇಳಿರುತ್ತಾರೆ. ಎದುರಿನವರು ಒಪ್ಪದಿದ್ದಾಗ, ಸಭಿಕರು ಕೇಳಿದಾಗ, ‘ಹಾಗಲ್ಲ, ನಾನು ಹೇಳೋದು ಏನಂದ್ರೆ’ ಅಂತ ಶುರುವಾಗುವ ಮಾತು ಇದೆಯಲ್ಲ, ಅವರು ನಿಜವಾಗಿ ಏನನ್ನು ನಂಬಿದ್ದಾರೆ ಅನ್ನುವುದು ಅಲ್ಲಿ ಸಿಗುತ್ತದೆ.

ನಿಮ್ಮ ಇಂಜಿನಿಯರ್ ಅವರನ್ನೇ ನೋಡಿ. ಅವರು ಮೊದಲು ಮಾತಾಡಿದ್ದು ಜಲಾಶಯದ ಚರಿತ್ರೆ. 1945ರಲ್ಲಿ ಅಡಿಗಲ್ಲು, 33 ಕ್ರಸ್ಟ್ ಗೇಟುಗಳು, ಹೂಳು ತುಂಬಿ ಸಂಗ್ರಹ ಕಡಿಮೆಯಾಗಿದ್ದು, 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋಗಿದ್ದು. ನೀವು ಬರೆದದ್ದು: ‘ಜಲಾಶಯದಲ್ಲಿ ಹೂಳು ತುಂಬಿ ನೀರಿನ ಸಂಗ್ರಹ ಕಡಿಮೆಯಾಗಿದೆ’. ಇದು ನಿಜವೇ. ಆದರೆ ಸಿಂಧನೂರು, ಮಾನ್ವಿ, ಗಂಗಾವತಿಯಲ್ಲಿ ಇದನ್ನು ತಿಳಿಯದ ರೈತ ಯಾರಿದ್ದಾರೆ? ಇದನ್ನು ಹೇಳೋಕೆ ನಿವೃತ್ತ ಇಂಜಿನಿಯರ್ ಬರಬೇಕಾಗಿರಲಿಲ್ಲ.

71ನೇ ನಿಮಿಷಕ್ಕೆ ಬನ್ನಿ. ಕಾಲುವೆ ನೀರನ್ನು ಸರದಿಯ ಮೇಲೆ ಹಂಚುವ ವಾರಾಬಂದಿಯ ಮಾತು ಬರುತ್ತದೆ. ರೈತ ಮಹಿಳೆ ‘ವಾರಾಬಂದಿ ಮಾಡಿದ್ರೂ ನಮಗ ಬರಲಿಲ್ಲಲ್ರೀ’ ಎಂದು ಕೇಳುತ್ತಾರೆ. ಆಗ ಇಂಜಿನಿಯರ್ ಒಂದು ಕ್ಷಣ ಸುಮ್ಮನಿದ್ದು ಹೇಳುತ್ತಾರೆ: “ವಾರಾಬಂದಿ ಪಟ್ಟಿ ನಾವೇ ಬರೆದು ಅಂಟಿಸ್ತಿದ್ವಿ. ಆದರೆ ಉಪಕಾಲುವೆ ಬಾಯಲ್ಲಿ ಎಷ್ಟು ನೀರು ಹೋಗ್ತಿದೆ ಅಂತ ಅಳತೆ ಇರಲಿಲ್ಲ. ಅಳತೆ ಇಲ್ಲದ ವಾರಾಬಂದಿ ಮೇಲಿನವರಿಗೇ ಅನುಕೂಲ.” ಇಡೀ ಗೋಷ್ಠಿಯಲ್ಲಿ ಈ ಮಾತು ಬೇರೆ ಯಾರೂ ಆಡಲಿಲ್ಲ. ಆಡೋಕೆ ಸಾಧ್ಯವೂ ಇರಲಿಲ್ಲ. ಆ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದವರಷ್ಟೇ ಆಡಬಲ್ಲ ಮಾತು ಅದು. ಹೂಳಿನ ಬಗ್ಗೆ ಅವರು ಎಂಟು ನಿಮಿಷ ಮಾತಾಡಿದ್ದಾರೆ, ಇದರ ಬಗ್ಗೆ ಮುಕ್ಕಾಲು ನಿಮಿಷ. ಆದರೂ ತಿರುಳು ಇದೇ. ಜಾಸ್ತಿ ಹೊತ್ತು ಆಡಿದ ಮಾತೇ ಮುಖ್ಯ ಅನ್ನುವ ಲೆಕ್ಕ ಗೋಷ್ಠಿಗಳಿಗೆ ಒಗ್ಗುವುದಿಲ್ಲ.

ಇವರ ಮಾತಿನಲ್ಲೇ ಇನ್ನೊಂದು ವಿಷಯ. ನಿಮ್ಮ ಟಿಪ್ಪಣಿಯಲ್ಲಿ ‘ಎಡದಂಡೆ ಕಾಲುವೆಗೆ 90 ದಿನಕ್ಕೆ 31 ಕ್ಯುಸೆಕ್ ನೀರು’ ಎಂದಿದೆ. ಅವರು ಹೇಳಿದ್ದು 31 ಟಿಎಂಸಿ. ಇಂಥದ್ದನ್ನು ಕಾಗದದ ಮೇಲೆ ಗುಣಿಸಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಅದು ಸೆಕೆಂಡಿಗೆ ಎಷ್ಟು ನೀರು ಹರಿಯುತ್ತದೆ ಅನ್ನುವ ಅಳತೆ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಅದು ಒಟ್ಟು ನೀರಿನ ಅಳತೆ. ಸುಮಾರು 11,574 ಕ್ಯುಸೆಕ್ ಒಂದು ದಿನ ಪೂರ್ತಿ ಹರಿದರೆ 1 ಟಿಎಂಸಿ. ಅವರು ಹೇಳಿದ 4,000 ಕ್ಯುಸೆಕ್ 90 ದಿನ ಹರಿದರೆ 31 ಟಿಎಂಸಿ ಆಗುತ್ತದೆ, ಲೆಕ್ಕ ಸರಿ ಕೂರುತ್ತದೆ. ಆದರೆ ಅದಕ್ಕಿಂತ ಮುಖ್ಯವಾದದ್ದು, ಅವರು ಆ ಮಾತಿಗೆ ಮುಂಚೆ ‘ಉದಾಹರಣೆಗೆ ಅಂದ್ಕೊಳ್ಳಿ’ ಎಂದಿದ್ದಾರೆ. ಅಂದರೆ ಅದು ಕಾಲುವೆಯ ನಿಜವಾದ ಅಂಕಿಯೇ ಅಲ್ಲ, ಲೆಕ್ಕ ತೋರಿಸಲು ಹಿಡಿದ ಅಂಕಿ. ತಿರುಳಿನ ಸಾಲಿಗೆ ಅದು ಬರಲೇಬಾರದು. ಅಂಕಿ ಕಿವಿಗೆ ಬಿದ್ದ ಕೂಡಲೇ ಅದರ ಹಿಂದಿನ ಹತ್ತು ಸೆಕೆಂಡು ಮತ್ತೆ ಕೇಳುವ ರೂಢಿ ಮಾಡಿಕೊಳ್ಳಿ.

ಹೊತ್ತಿನ ಸಾಲಿನಲ್ಲಲ್ಲ, ಆಳಿನ ಸಾಲಿನಲ್ಲಿ ಕೇಳಿ

ಗೋಷ್ಠಿಯನ್ನು ಶುರುವಿಂದ ಕೊನೆಗೆ ಒಂದೇ ಸಲ ಕೇಳಿ ಬರೆದರೆ 22ನೇ ನಿಮಿಷ ಮತ್ತು 58ನೇ ನಿಮಿಷ ಒಂದಕ್ಕೊಂದು ಸೇರುವುದೇ ಇಲ್ಲ. ನಡುವೆ ಮೂವರು ಮಾತಾಡಿರುತ್ತಾರೆ. ಅದಕ್ಕೆ ನಾನು ಎರಡು ಸುತ್ತು ಕೇಳುತ್ತೇನೆ.

ಮೊದಲ ಸುತ್ತಿನಲ್ಲಿ ತಿರುಳು ಬರೆಯಲು ಹೋಗುವುದಿಲ್ಲ. ಯಾರು ಎಷ್ಟು ಹೊತ್ತಿಗೆ ಬಾಯಿ ತೆರೆದರು ಅಂತ ಮಾತ್ರ ಗುರುತು ಹಾಕುತ್ತೇನೆ. ಒಂದು ಹಾಳೆಯಲ್ಲಿ ನಾಲ್ಕು ಕಾಲಂ: ಹೊತ್ತು, ಯಾರು, ಯಾವುದಕ್ಕೆ ಉತ್ತರ, ಐದಾರು ಪದದಲ್ಲಿ ಏನು. ಮೂರನೇ ಕಾಲಂ ಬಿಡಬೇಡಿ. ಯಾವ ಪ್ರಶ್ನೆಗೆ ಅಂತ ಗೊತ್ತಿಲ್ಲದ ಉತ್ತರಕ್ಕೆ ಅರ್ಧ ಅರ್ಥ ಮಾತ್ರ ಇರುತ್ತದೆ. ‘ಹಾಗಲ್ಲ’, ‘ಆದರೆ’, ‘ಒಂದು ವೇಳೆ’, ‘ನಮ್ಮ ಅನುಭವದಲ್ಲಿ’ ಅನ್ನುವ ಮಾತು ಬಂದಲ್ಲಿ ಪಕ್ಕದಲ್ಲಿ ಒಂದು ಗೀಟು ಹಾಕಿ. ನಿಮ್ಮ ಹಾಳೆ ನೋಡಲು ಹೀಗಿರುತ್ತದೆ:

```
0:22:10 | ವಿಜ್ಞಾನಿ     | ನಿರೂಪಕರ ಪ್ರಶ್ನೆ   | ಜಿಪ್ಸಂ, ಮಾತು ನಿಂತಿತು
0:58:40 | ವಿಜ್ಞಾನಿ     | ಸಭಿಕರ ಪ್ರಶ್ನೆ     | ಪರೀಕ್ಷೆ ಮೊದಲು, ಬಸಿಯಬೇಕು /
1:11:05 | ಇಂಜಿನಿಯರ್ | ರೈತ ಮಹಿಳೆಗೆ     | ಅಳತೆ ಇಲ್ಲದ ವಾರಾಬಂದಿ /
```

ಎರಡನೇ ಸುತ್ತಿನಲ್ಲಿ ಒಬ್ಬರನ್ನು ಹಿಡಿದು ಅವರ ಮಾತು ಮಾತ್ರ ಒಂದರ ಹಿಂದೆ ಒಂದು ಕೇಳಿ. ವಿಜ್ಞಾನಿಯವರ ಎಲ್ಲ ತುಂಡುಗಳು ಮುಗಿದ ಮೇಲೆ ಇಂಜಿನಿಯರ್. ಅವರದ್ದು ಮುಗಿದ ಮೇಲೆ ಮುಂದಿನವರು. ಹೀಗೆ ಕೇಳಿದಾಗ ಒಬ್ಬರ ಮಾತು ಎಲ್ಲಿಂದ ಎಲ್ಲಿಗೆ ಬಂತು, ಎಲ್ಲಿ ಅವರು ತಮ್ಮ ಮಾತನ್ನೇ ಸಡಿಲ ಮಾಡಿಕೊಂಡರು, ಎಲ್ಲಿ ಗಟ್ಟಿ ನಿಂತರು ಅನ್ನುವುದು ಕಿವಿಗೆ ತಾನಾಗಿ ಕೇಳಿಸುತ್ತದೆ. ಒಬ್ಬರ ಸಾಲು ಬರೆದ ಮೇಲೆಯೇ ಇನ್ನೊಬ್ಬರಿಗೆ ಹೋಗಿ. ಇಲ್ಲದಿದ್ದರೆ ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಸೇರುತ್ತದೆ.

ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ಬಳಸುತ್ತಿದ್ದರೆ `Alt` ಒತ್ತಿ ಹಿಡಿದು ಎಡ ಬಾಣದ ಕೀ ಒತ್ತಿದರೆ ಹತ್ತು ಸೆಕೆಂಡು ಹಿಂದಕ್ಕೆ ಹೋಗುತ್ತದೆ. ಮೊದಲ ಸುತ್ತಿಗೆ ವೇಗ 1.25 ಇಟ್ಟುಕೊಳ್ಳಬಹುದು. ಎರಡನೇ ಸುತ್ತಿಗೆ ಮಾಮೂಲಿ ವೇಗವೇ ಇರಲಿ. ವೇಗ ಜಾಸ್ತಿಯಾದರೆ ಮಾತಿನ ನಡುವಿನ ಮೌನ ಹೋಗಿಬಿಡುತ್ತದೆ. ಯಾರಾದರೂ ‘ಒಪ್ತೀನಿ’ ಎಂದು ನಿಂತು ನಿಂತು ಹೇಳಿದ್ದಕ್ಕೂ ತಕ್ಷಣ ಹೇಳಿದ್ದಕ್ಕೂ ವ್ಯತ್ಯಾಸ ಇದೆಯಲ್ವಾ? ಬರೀ ಟೈಪ್ ಮಾಡಿದ ಪ್ರತಿ ನೋಡಿ ಬರೆಯಬೇಡಿ ಅಂತ ನಾನು ಹೇಳುವುದೂ ಇದಕ್ಕೇ. ‘ಹೌದೌದು, ಇಲಾಖೆ ಎಲ್ಲಾ ಮಾಡಿದೆ’ ಎಂಬ ಮಾತು ಹಾಳೆಯ ಮೇಲೆ ಹೊಗಳಿಕೆಯಾಗಿ ಕಾಣುತ್ತದೆ. ದನಿ ಕೇಳಿದವರಿಗೆ ಮಾತ್ರ ಅದು ದೂರು ಅಂತ ಗೊತ್ತು. ಒಂದೂವರೆ ಗಂಟೆಯ ಗೋಷ್ಠಿಗೆ ಈ ಎರಡೂ ಸುತ್ತು ಸೇರಿ ಮೂರು ಗಂಟೆಯ ಮೇಲೆ ಹಿಡಿಯುತ್ತದೆ. ‘ನಾಲ್ಕೇ ಸಾಲು ತಾನೇ, ಅರ್ಧ ಗಂಟೆಯಲ್ಲಿ ಕೊಡು’ ಎಂದು ಕೇಳುವವರಿಗೆ ಇದನ್ನು ಮೊದಲೇ ಹೇಳಿಬಿಡಿ.

ರೈತ ಮಹಿಳೆಯ ಸಾಲು

ನಿಮ್ಮ ನಾಲ್ಕು ಸಾಲುಗಳಲ್ಲಿ ನನಗೆ ಬಹಳ ಬೇಸರವಾಗಿದ್ದು ಇದು: ‘ಕೊನೆ ಭಾಗದ ರೈತರ ಸಂಕಷ್ಟವನ್ನು ಮನಮುಟ್ಟುವಂತೆ ಬಿಚ್ಚಿಟ್ಟರು’. ಈ ಸಾಲಿನಿಂದ ಅವರು ಏನು ಹೇಳಿದರು ಅಂತ ಗೊತ್ತಾಗುತ್ತದಾ? ಇಂಜಿನಿಯರ್‌ಗೂ ವಿಜ್ಞಾನಿಗೂ ನೀವು ಒಂದೊಂದು ವಿಚಾರ ಕೊಟ್ಟಿದ್ದೀರಿ. ಈಕೆಗೆ ಮಾತ್ರ ಕಣ್ಣೀರು ಕೊಟ್ಟಿದ್ದೀರಿ. ನೀವು ಬೇಕೆಂದು ಮಾಡಿದ್ದಲ್ಲ, ಗೊತ್ತು. ಪತ್ರಿಕೆಗಳ ವರದಿಯಲ್ಲೂ ಇದು ದಿನಾ ಕಾಣುತ್ತದೆ. ಡಿಗ್ರಿ ಇದ್ದವರು ‘ಪ್ರತಿಪಾದಿಸುತ್ತಾರೆ’, ಹೊಲದವರು ‘ಅಳಲು ತೋಡಿಕೊಳ್ಳುತ್ತಾರೆ’. ಆಡುಮಾತಿನಲ್ಲಿ, ಕಥೆಯ ಹಾಗೆ ಹೇಳಿದ್ದರಲ್ಲಿ ವಿಚಾರ ಇರುವುದಿಲ್ಲ ಅಂತ ನಮ್ಮ ಕಿವಿ ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತದೆ.

ಕಾಲುವೆಗೆ ನೀರು ಬಿಡುವ ದಿನ ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯನ್ನು ಐಸಿಸಿ ಅನ್ನುತ್ತಾರೆ. 43ನೇ ನಿಮಿಷದಲ್ಲಿ ಅವರು ಹೇಳಿದ್ದು ಇದು: “ನೀರು ಕಡಿಮಿ ಬರ್ತಾವ ಅನ್ನದು ನಮಗ ಗೊತ್ತೈತ್ರೀ. ಕಡಿಮಿ ಬಂದ್ರ ಕಡಿಮಿ ಹಾಕ್ತೀವಿ. ಐಸಿಸಿ ಸಭಾದಾಗ ತಾರೀಖು ಹೇಳ್ತಾರ, ಅದು ಕಾಲುವೆಗೆ ಬಿಡೋ ತಾರೀಖು. ನಮ್ಮ ಹೊಲಕ್ಕ ಯಾವತ್ತು ಮುಟ್ತಾವ ಅಂತ ಹೇಳವರು ಯಾರೂ ಇಲ್ಲ. ಅದಕ್ಕ ಭತ್ತ ಬಿಟ್ವಿ.”

ಇದು ಅಳಲಲ್ಲ, ವಾದ. ಬೆಳೆ ಬದಲಾಯಿಸಿದ್ದಕ್ಕೆ ನೀರಿನ ಕೊರತೆಗಿಂತ ನೀರು ಮುಟ್ಟುವ ದಿನ ಗೊತ್ತಿಲ್ಲದಿರುವುದು ದೊಡ್ಡ ಕಾರಣ ಅಂತ ಅವರು ಹೇಳುತ್ತಿದ್ದಾರೆ. ಕಾಲುವೆಗೆ ಬಿಡುವ ದಿನ ಬೇರೆ, ಹೊಲಕ್ಕೆ ಮುಟ್ಟುವ ದಿನ ಬೇರೆ ಅಂತ ಎರಡನ್ನೂ ಬಿಡಿಸಿ ತೋರಿಸಿದ್ದಾರೆ. ಸಸಿಮಡಿ ಹಾಕುವವರಿಗೆ ಇದರ ಅರ್ಥ ಗೊತ್ತು. ಭತ್ತದ ಸಸಿಗೆ ನಾಟಿಯ ವಯಸ್ಸು ಇದೆ. ನೀರು ಎರಡು ವಾರ ತಡವಾದರೆ ಸಸಿ ಬಲಿತು ಹೋಗುತ್ತದೆ, ಇಳುವರಿ ಬೀಳುತ್ತದೆ. ಎರಡು ವಾರ ತಡ ಅಂತ ಮೊದಲೇ ಗೊತ್ತಿದ್ದರೆ ಸಸಿಮಡಿಯನ್ನೂ ತಡವಾಗಿ ಹಾಕಬಹುದಿತ್ತು. ಇಂಜಿನಿಯರ್ ಹೇಳಿದ ಅಳತೆಯ ಮಾತಿಗೂ ಈ ಮಾತಿಗೂ ನೇರ ನಂಟಿದೆ. ಹರಿವಿನ ಅಳತೆ ಇಲ್ಲದೆ ಮುಟ್ಟುವ ದಿನ ಹೇಳೋಕೆ ಯಾರಿಗೂ ಆಗಲ್ಲ.

ನಾನು ಬಳಸುವ ಒಂದು ಪರೀಕ್ಷೆ ಇದೆ. ಸಾಲು ಬರೆದ ಮೇಲೆ ಹೆಸರು ಅದಲು ಬದಲು ಮಾಡಿ ಓದಿ. ವಿಜ್ಞಾನಿಯ ಸಾಲನ್ನು ಇಂಜಿನಿಯರ್ ಹೆಸರಿಗೆ, ರೈತ ಮಹಿಳೆಯ ಸಾಲನ್ನು ಮಿಲ್‌ನವರ ಹೆಸರಿಗೆ ಹಾಕಿ ನೋಡಿ. ಹಾಕಿದರೂ ಏನೂ ಅಸಹಜ ಅನ್ನಿಸದಿದ್ದರೆ ಆ ಸಾಲು ಯಾರದ್ದೂ ಅಲ್ಲ. ‘ನೀರನ್ನು ಮಿತವಾಗಿ ಬಳಸಬೇಕು’ ಅನ್ನುವುದನ್ನು ನಾಲ್ವರಿಗೂ ಹಾಕಬಹುದು. ‘ಉಪಕಾಲುವೆ ಬಾಯಲ್ಲಿ ಅಳತೆ ಬೇಕು’ ಅನ್ನುವುದನ್ನು ಮಿಲ್‌ನವರಿಗೆ ಹಾಕಲು ಆಗುವುದಿಲ್ಲ.

ಅವರ ಆಡುಮಾತನ್ನು ಏನು ಮಾಡಬೇಕು ಅಂತ ನಿಮಗೆ ಅನುಮಾನ ಬರಬಹುದು. ತಿರುಳನ್ನು ನಿಮ್ಮ ಮಾತಿನಲ್ಲಿ ಬರೆಯುವಾಗ ನಾಲ್ವರಿಗೂ ಒಂದೇ ಬಗೆಯ ಬರಹದ ಕನ್ನಡ ಇರಲಿ. ಉದ್ಧರಣ ಚಿಹ್ನೆ ಹಾಕಿದರೆ ಅವರು ಆಡಿದ ಹಾಗೇ ಇರಲಿ. ಇಂಜಿನಿಯರ್ ಮಾತನ್ನು ತಿದ್ದಿ, ರೈತರ ಮಾತನ್ನು ಮಾತ್ರ ಆಡಿದ ಹಾಗೆ ಬಿಡುವುದು ಸರಿಯಲ್ಲ.

ಮಿಲ್ ಮಾಲೀಕರು ಮತ್ತು ಕೇಳಿಸದ ಪ್ರಶ್ನೆ

ಇವರು ಒಟ್ಟು ಮಾತಾಡಿದ್ದೇ ಆರೇಳು ನಿಮಿಷ. ಅದರಲ್ಲಿ ಅರ್ಧ ‘ಸರ್ ಹೇಳಿದ್ದು ನೂರಕ್ಕೆ ನೂರು ನಿಜ’ ಎಂಬ ಮಾತು. ನೀವು ಬರೆದ ‘ರೈತರು ಮತ್ತು ಗಿರಣಿಯವರು ಒಟ್ಟಾಗಿ ಸಾಗಬೇಕು’ ಅನ್ನುವ ಸಾಲನ್ನು ಅವರು ನಿಜಕ್ಕೂ ಆಡಿದ್ದಾರೆ. ಆದರೆ ಓದಿದವರಿಗೆ ಅದರಿಂದ ಏನೂ ಸಿಗಲ್ಲ.

82ನೇ ನಿಮಿಷದ ಹತ್ತಿರ ಸಭಿಕರೊಬ್ಬರು ಏನೋ ಕೇಳುತ್ತಾರೆ. ಅವರ ಕೈಯಲ್ಲಿ ಮೈಕ್ ಇಲ್ಲ, ಗೊಜಗೊಜ ಅಂತಷ್ಟೇ ಕೇಳುತ್ತದೆ. ಅದಕ್ಕೆ ಮಿಲ್‌ನವರು ಹೇಳುತ್ತಾರೆ: “ಇಲ್ಲ ಇಲ್ಲ, ನಾವು ಅದಕ್ಕೆ ಬೆಲೆ ಇಳಿಸಲ್ಲ. ನಾವು ನೋಡೋದು ತೇವ, ಕಾಳು. ಹೇಗೆ ಹಾಕಿದ್ರು ಅಂತ ಚೀಲ ನೋಡಿದ್ರೆ ಗೊತ್ತಾಗುತ್ತಾ?” ಪ್ರಶ್ನೆ ಇಲ್ಲದೆ ಇದು ಅರ್ಥವೇ ಆಗಲ್ಲ. ಅದಕ್ಕೇ ನೀವು ಬಿಟ್ಟಿರಬೇಕು. ಹೆಡ್‌ಫೋನ್ ಹಾಕಿ ದನಿ ಏರಿಸಿ ಕೇಳಿದಾಗ ‘ಕೂರಿಗೆ’ ಅನ್ನುವ ಪದ ಸಿಕ್ಕಿತು. ನಾಟಿ ಬಿಟ್ಟು ಕೂರಿಗೆಯಲ್ಲಿ ಭತ್ತ ಬಿತ್ತಿದರೆ ಮಿಲ್‌ನಲ್ಲಿ ಬೆಲೆ ಕಡಿಮೆ ಕೊಡ್ತೀರಾ ಎಂದು ಕೇಳಿರುವ ಹಾಗಿದೆ. ಹಾಗಿದ್ದರೆ ಇವರ ಸಾಲು ಇದೇ. ನೀರು ಉಳಿಸಲು ಕೂರಿಗೆ ಬಿತ್ತನೆಗೆ ಹೋಗಲೋ ಬೇಡವೋ ಎಂದು ಕೂತಿರುವ ರೈತರಿಗೆ, ಕಳೆಯ ಕಾಟದ ಜೊತೆಗೆ ಬೆಲೆಯ ಭಯವೂ ಇರುತ್ತದೆ. ಕೊಳ್ಳುವವರೇ ಬಂದು ಬೆಲೆ ಇಳಿಸಲ್ಲ ಅಂದಿದ್ದಾರೆ. ಇದನ್ನು ಇನ್ಯಾರು ಹೇಳಬೇಕು?

ಆದರೆ ಗಮನಿಸಿ, ಇಲ್ಲಿ ಪ್ರಶ್ನೆಯನ್ನು ನಾನು ಊಹಿಸಿದ್ದೇನೆ. ಒಂದು ಪದದ ಮೇಲೆ ನಿಂತ ಊಹೆಯನ್ನು ಹಾಗೇ ಗುಂಪಿಗೆ ಹಾಕಬಾರದು. ಮಿಲ್‌ನವರಿಗೆ ಒಂದು ಫೋನ್ ಮಾಡಿ, ‘ಆ ಪ್ರಶ್ನೆ ಕೂರಿಗೆ ಭತ್ತದ ಬೆಲೆ ಬಗ್ಗೆ ತಾನೇ?’ ಎಂದು ಕೇಳಿ. ಹೌದು ಅಂದರೆ ಬರೆಯಿರಿ. ‘ಎಲ್ಲ ಮಿಲ್‌ಗಳೂ’ ಎಂದು ಮಾತ್ರ ಬರೆಯಬೇಡಿ. ಅವರು ಹೇಳಿದ್ದು ತಮ್ಮ ಮಿಲ್‌ನ ಬಗ್ಗೆ.

ಹುಡುಕಿದರೂ ಏನೂ ಸಿಗದವರು ಇರುತ್ತಾರೆ. ಆಗ ಎರಡು ದಾರಿ. ಅವರು ಯಾರ ಮಾತನ್ನು ಒಪ್ಪಿದರೋ ಆ ಸಾಲಿನ ಜೊತೆ ‘ಇದನ್ನು ಇವರೂ ಒಪ್ಪಿದರು’ ಎಂದು ಸೇರಿಸುವುದು ಒಂದು. ಕೊಳ್ಳುವವರು ಬೆಳೆಯುವವರ ಮಾತು ಒಪ್ಪಿದರೆ ಅದೂ ಒಂದು ಸುದ್ದಿಯೇ. ಇದರಲ್ಲಿ ಅವರಿಗೆ ಪ್ರತ್ಯೇಕ ಸಾಲು ಇಲ್ಲವಲ್ಲ ಎಂಬ ಬೇಸರ ಬರಬಹುದು. ಇನ್ನೊಂದು, ಅವರು ಕೊಟ್ಟ ಒಂದು ಅನುಭವವನ್ನು ಅನುಭವ ಎಂದೇ ಬರೆಯುವುದು. ಇದರಲ್ಲಿ ಒಬ್ಬರ ಅನುಭವ ಎಲ್ಲರಿಗೂ ಸಲಹೆಯ ಹಾಗೆ ಓದಿಸಿಕೊಳ್ಳುವ ಅಪಾಯ ಇದೆ. ಹೇಳದ್ದನ್ನು ಅವರ ಬಾಯಿಗೆ ತುರುಕಿ ನಾಲ್ಕು ಸಾಲು ಸಮ ಮಾಡುವುದು ಮಾತ್ರ ಬೇಡ.

ಅವರಿಂದಲೇ ಬರೆಸಿಕೊಂಡರೆ?

ಸುಲಭ ಅನ್ನಿಸುತ್ತದೆ, ಜಗಳವೂ ಇರಲ್ಲ. ಆದರೆ ಬರುವುದು ಏನು ಗೊತ್ತಾ? ಅವತ್ತು ಹೇಳಿದ್ದಲ್ಲ, ಹೇಳಬೇಕಿತ್ತು ಅಂತ ಆಮೇಲೆ ಅನ್ನಿಸಿದ್ದು. ಇಂಜಿನಿಯರ್ ಅವರನ್ನು ಕೇಳಿದ್ದರೆ ಅಳತೆಯ ಮಾತು ಖಂಡಿತ ಬರುತ್ತಿರಲಿಲ್ಲ, ಹೂಳಿನ ಮಾತೇ ಬರುತ್ತಿತ್ತು. ಗೋಷ್ಠಿಯಲ್ಲಿ ಮುಖಾಮುಖಿ ಕೂತಾಗ ಹೊರಬಂದ ಮಾತು ಪತ್ರದಲ್ಲಿ ಬರುವುದಿಲ್ಲ. ರೈತ ಮಹಿಳೆ ಬರೆದು ಕಳಿಸುವುದಂತೂ ಕಷ್ಟ, ಅವರ ಸಾಲು ಬೇರೆ ಯಾರೋ ಬರೆದುಕೊಟ್ಟದ್ದಾಗುತ್ತದೆ.

ಯಾರಿಗೂ ತೋರಿಸದೆ ಹಾಕುವುದರ ಅಪಾಯ ನೀವೇ ಕಂಡಿದ್ದೀರಿ. ನಾನು ಮಾಡುವುದು ಇವೆರಡರ ನಡುವಿನದ್ದು. ಸಾಲು ನಾನೇ ಬರೆಯುತ್ತೇನೆ, ಆಮೇಲೆ ಅವರಿಗೆ ಕಳಿಸುತ್ತೇನೆ. ‘ಚೆನ್ನಾಗಿದೆಯಾ?’ ಎಂದು ಕೇಳುವುದಿಲ್ಲ. ಹಾಗೆ ಕೇಳಿದರೆ ಪ್ರತಿಯೊಬ್ಬರೂ ಎರಡು ಪ್ಯಾರಾ ಸೇರಿಸಿ ಕಳಿಸುತ್ತಾರೆ. ಇಷ್ಟೇ ಬರೆಯುತ್ತೇನೆ: ‘ನೀವು 58ನೇ ನಿಮಿಷದಲ್ಲಿ ಹೇಳಿದ್ದನ್ನು ಹೀಗೆ ಬರೆದಿದ್ದೇನೆ. ವಿಷಯದಲ್ಲಿ ತಪ್ಪಿದ್ದರೆ ನಾಳೆ ಸಂಜೆಯೊಳಗೆ ತಿಳಿಸಿ.’ ನಿಮಿಷ ಹಾಕಿದರೆ ಅವರೂ ಹೋಗಿ ಕೇಳಬಹುದು, ಮಾತು ಅಲ್ಲಿಗೇ ನಿಲ್ಲುತ್ತದೆ. ಬರೆಯಲು ಓದಲು ತೊಡಕು ಇರುವವರಿಗೆ ಫೋನಿನಲ್ಲಿ ಸಾಲನ್ನು ಓದಿ ಹೇಳಿ.

ಇದರಲ್ಲೂ ಒಂದು ತೊಂದರೆ ಇದೆ. ‘ಅದು ಹೇಳಿದ್ದೇನೋ ನಿಜ, ಆದರೆ ಹಾಕಬೇಡಿ’ ಎಂದು ಯಾರಾದರೂ ಅನ್ನಬಹುದು. ಇಂಜಿನಿಯರ್ ಅವರೇ ಅನ್ನಬಹುದು. ಅದು ಸಾರ್ವಜನಿಕ ವೇದಿಕೆಯಲ್ಲಿ ಆಡಿದ ಮಾತು, ಹಾಕುವ ಹಕ್ಕು ನಿಮಗಿದೆ. ಆದರೂ ನಾನು ಮೊದಲು ಕಾರಣ ಕೇಳುತ್ತೇನೆ. ವಿಷಯ ತಪ್ಪಾಗಿದ್ದರೆ ಬಿಡುತ್ತೇನೆ. ಮುಜುಗರ ಮಾತ್ರ ಕಾರಣವಾಗಿದ್ದರೆ ಅವರ ಪದಗಳನ್ನೇ ಉದ್ಧರಣದಲ್ಲಿ ಹಾಕುತ್ತೇನೆ, ನನ್ನ ಪದ ಒಂದನ್ನೂ ಸೇರಿಸುವುದಿಲ್ಲ. ‘ಒಪ್ಪಿಕೊಂಡರು’, ‘ಬಯಲು ಮಾಡಿದರು’, ‘ಆರೋಪಿಸಿದರು’ ಇಂಥ ಕ್ರಿಯಾಪದಗಳಿಂದಲೇ ಅರ್ಧ ಜಗಳ ಹುಟ್ಟುವುದು. ‘ಹೇಳಿದರು’ ಸಾಕು.

ನಿಮ್ಮ ವಿಡಿಯೊ ಕೇಳಿ ನಾನು ಬರೆದ ನಾಲ್ಕು ಸಾಲು ಇವು. ಬೇಕಾದರೆ ಬಳಸಿಕೊಳ್ಳಿ, ಮೇಲೆ ಹೇಳಿದ ಹಾಗೆ ತೋರಿಸಿ.

ನಿವೃತ್ತ ಇಂಜಿನಿಯರ್: ವಾರಾಬಂದಿ ಪಟ್ಟಿ ಮಾಡಿದರೆ ಸಾಲದು. ಉಪಕಾಲುವೆಯ ಬಾಯಲ್ಲಿ ನೀರಿನ ಅಳತೆ ಇಲ್ಲದಿದ್ದರೆ ಅದರಿಂದ ಮೇಲ್ಭಾಗದವರಿಗೇ ಅನುಕೂಲ. (1:11)

ಮಣ್ಣು ವಿಜ್ಞಾನಿ: ಮಣ್ಣು ಪರೀಕ್ಷೆ ಮಾಡಿಸದೆ ಸವಳು ಭೂಮಿಗೆ ಜಿಪ್ಸಂ ಹಾಕಬೇಡಿ. ನೀರು ಬಸಿದು ಹೋಗಲು ದಾರಿ ಇಲ್ಲದ ಹೊಲದಲ್ಲಿ ಜಿಪ್ಸಂ ಕೆಲಸ ಮಾಡುವುದಿಲ್ಲ. (0:22, 0:58)

ರೈತ ಮಹಿಳೆ: ನಾವು ಭತ್ತ ಬಿಟ್ಟಿದ್ದು ನೀರು ಕಡಿಮೆ ಎಂದಲ್ಲ, ಹೊಲಕ್ಕೆ ಯಾವ ದಿನ ಮುಟ್ಟುತ್ತದೆ ಎಂದು ಯಾರೂ ಹೇಳದ ಕಾರಣಕ್ಕೆ. (0:43)

ಮಿಲ್ ಮಾಲೀಕರು: ಕೂರಿಗೆ ಭತ್ತ ಎಂದು ನಮ್ಮ ಮಿಲ್‌ನಲ್ಲಿ ಬೆಲೆ ಇಳಿಸುವುದಿಲ್ಲ. ನೋಡುವುದು ತೇವ ಮತ್ತು ಕಾಳಿನ ಗುಣ. (1:22, ಪ್ರಶ್ನೆ ಖಚಿತಪಡಿಸಿಕೊಂಡು)

ವಿಜ್ಞಾನಿಯವರ ಸಾಲು ಉಳಿದವಕ್ಕಿಂತ ಉದ್ದ ಆಗಿದೆ. ಆಗಲಿ ಬಿಡಿ. ಷರತ್ತು ಇರುವ ಮಾತಿಗೆ ಜಾಗ ಬೇಕು. ಉದ್ದ ಸಮ ಮಾಡಲು ಹೋಗಿ ‘ಮಣ್ಣು ಪರೀಕ್ಷೆ ಮಾಡಿಸದೆ’ ಅನ್ನುವುದನ್ನು ಕತ್ತರಿಸಿದರೆ ಮತ್ತೆ ಫೋನ್ ಬರುತ್ತದೆ.

ಮುಂದಿನ ಸಲ ಗೋಷ್ಠಿ ನೀವೇ ಮಾಡಿಸುವುದಾದರೆ ನಿರೂಪಕರಿಗೆ ಮೊದಲೇ ಎರಡು ಮಾತು ಹೇಳಿಡಿ. ಸಭಿಕರ ಪ್ರಶ್ನೆಯನ್ನು ಅವರೇ ಮೈಕ್‌ನಲ್ಲಿ ಒಮ್ಮೆ ತಿರುಗಿ ಹೇಳಲಿ. ಯಾರ ಮಾತನ್ನಾದರೂ ನಡುವೆ ತಡೆದರೆ, ಮುಂದಿನ ಸರದಿಯಲ್ಲಿ ‘ನೀವು ಜಿಪ್ಸಂ ಬಗ್ಗೆ ಹೇಳ್ತಿದ್ರಿ’ ಎಂದು ಅದೇ ಜಾಗದಿಂದ ಎತ್ತಿಕೊಡಲಿ. ರೆಕಾರ್ಡರ್ ಒಂದನ್ನು ವೇದಿಕೆಯ ಮೇಜಿನ ಮೇಲೂ ಇಡಿ. ಹಿಂದಿನ ಸಾಲಿನ ಮೊಬೈಲ್ ವಿಡಿಯೊ ಒಂದನ್ನೇ ನಂಬಿದರೆ ಫ್ಯಾನಿನ ಸದ್ದೇ ಜಾಸ್ತಿ ಕೇಳುತ್ತದೆ.